ಅದೇ ಗೋಡೆ, ಮೂರು ಬಣ್ಣ: ಬೇರೆಬೇರೆಯಾಗಿ ರೆಂಡರ್ ಆದ ಶಾಟ್‌ಗಳು ಒಂದೇ ಸಿನಿಮಾ ಆಗುವುದು ಹೇಗೆ

ನಾವು ಮೂವರು ಗೆಳೆಯರು ಸೇರಿ ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಒಂದು ಪುಟ್ಟ ಅನಿಮೇಷನ್ ಚಿತ್ರ ಮಾಡುತ್ತಿದ್ದೆವು. ಮಲೆನಾಡಿನ ಒಂದು ಮನೆ, ಮುಸ್ಸಂಜೆ ಹೊತ್ತು, ಜಗಲಿಯಲ್ಲಿ ತೂಗುವ ಲಾಟೀನು, ಹಿಂದೆ ಸುಣ್ಣ ಬಳಿದ ಗೋಡೆ, ದೂರದಲ್ಲಿ ಅಡಿಕೆ ತೋಟ. ಮೂರು ಶಾಟ್‌ಗಳ ಒಂದು ದೃಶ್ಯ ಇತ್ತು. ಮೊದಲನೆಯದರಲ್ಲಿ ಇಡೀ ಜಗಲಿ ಕಾಣುತ್ತದೆ, ಎರಡನೆಯದರಲ್ಲಿ ಹುಡುಗ ಸೊಂಟದಿಂದ ಮೇಲಕ್ಕೆ, ಮೂರನೆಯದು ಲಾಟೀನಿನ ಕ್ಲೋಸಪ್. ಮೊದಲನೆಯದನ್ನು ನಾನು ರೆಂಡರ್ ಮಾಡಿದ್ದೆ, ಅಂದರೆ ದೃಶ್ಯದ ಬೆಳಕನ್ನು ಕಂಪ್ಯೂಟರಿನಿಂದ ಲೆಕ್ಕ ಹಾಕಿಸಿ ಚಿತ್ರವಾಗಿಸಿದ್ದೆ. ಎರಡನೆಯದು ಇನ್ನೊಬ್ಬನ ಮನೆಯ ಕಂಪ್ಯೂಟರಿನಲ್ಲಿ ಆಯಿತು. ಮೂರನೆಯದು ನಾಲ್ಕು ತಿಂಗಳು ಕಳೆದು ಮತ್ತೊಬ್ಬನ ಹತ್ತಿರ.

ಮೂರನ್ನೂ ಜೋಡಿಸಿ ಓಡಿಸಿದಾಗ ಮೊದಲು ಬಂದ ಮಾತು: "ಮಾರಾಯ, ಈ ಗೋಡೆ ಯಾಕೆ ಊಸರವಳ್ಳಿ ತರ ಆಡ್ತಿದೆ?"

ಒಂದೊಂದೇ ಶಾಟ್ ನೋಡಿದರೆ ಯಾವುದರಲ್ಲೂ ತಪ್ಪು ಕಾಣುತ್ತಿರಲಿಲ್ಲ. ಮೊದಲನೆಯದರಲ್ಲಿ ಗೋಡೆ ಬೆಚ್ಚಗಿನ ಹಳದಿ, ಎರಡನೆಯದರಲ್ಲಿ ತುಸು ನೀಲಿ ಬೆರೆತ ಬೂದು, ಮೂರನೆಯದರಲ್ಲಿ ಮಂಕು. ಒಂದರ ಬೆನ್ನಿಗೆ ಇನ್ನೊಂದು ಬಂದಾಗ ಮಾತ್ರ ಕಣ್ಣಿಗೆ ಚುಚ್ಚುತ್ತಿತ್ತು. ಎಲ್ಲರೂ ಆಗ ಮಾಡುವ ಕೆಲಸವನ್ನೇ ನಾವೂ ಮಾಡಿದೆವು: ಕಲರ್ ಗ್ರೇಡಿಂಗ್ ಪರದೆ ತೆರೆದು ಚಕ್ರಗಳನ್ನು ತಿರುಗಿಸಿದೆವು. ಎರಡನೇ ಶಾಟಿಗೆ ಹಳದಿ ತುಂಬಿದರೆ ಗೋಡೆ ಸರಿಹೋಯಿತು, ಆದರೆ ಬಾಗಿಲಾಚೆಯ ಆಕಾಶ ಹಾಳಾಯಿತು. ಆಕಾಶ ಸರಿಮಾಡಿದರೆ ಹುಡುಗನ ಕೆನ್ನೆ ಹಸಿರಾಯಿತು. ಎರಡು ಸಂಜೆ ಹೀಗೇ ಹೋದವು. ವ್ಯತ್ಯಾಸ ಎಲ್ಲಿ ಹುಟ್ಟಿದೆ ಎಂದು ಗೊತ್ತಿಲ್ಲದೆ ಬಣ್ಣ ಹಚ್ಚುತ್ತಿದ್ದೆವು, ಅದೇ ಎಡವಟ್ಟು. ಅದು ಹುಟ್ಟಿದ ಜಾಗ ಗೊತ್ತಾದ ಮೇಲೆ ಸರಿಪಡಿಸಲು ಅರ್ಧ ಗಂಟೆ ಸಾಕಾಯಿತು.

ಬೆಳಕು ಕೂಡುತ್ತದೆ

ರೆಂಡರ್ ಪಾಸ್ ಎಂದರೆ ಒಂದೇ ಚಿತ್ರವನ್ನು ಬಿಡಿಬಿಡಿಯಾಗಿ ಉಳಿಸಿಕೊಳ್ಳುವುದು. ಸಾಂಬಾರು ಕುದಿದ ಮೇಲೆ ಅದರಿಂದ ಉಪ್ಪನ್ನು ತೆಗೆಯಲಾಗದು. ರೆಂಡರಿಂಗ್‌ನಲ್ಲಿ ಮಾತ್ರ ಅಂಥ ಅನುಕೂಲ ಇದೆ: ಉಪ್ಪು, ಹುಳಿ, ಖಾರ ಎಲ್ಲವನ್ನೂ ಬೇರೆಬೇರೆ ಬಟ್ಟಲಲ್ಲಿ ಇಟ್ಟುಕೊಂಡು ಕೊನೆಗೆ ಬೆರೆಸಬಹುದು. ಮೇಲ್ಮೈಯ ಬಣ್ಣ ಒಂದು ಪಾಸ್, ಅದರ ಮೇಲೆ ಬಿದ್ದ ಬೆಳಕು ಇನ್ನೊಂದು, ಹೊಳಪು ಮತ್ತೊಂದು, ಕ್ಯಾಮೆರಾದಿಂದ ದೂರ ಮಗದೊಂದು. ಪಾಸ್‌ಗಳನ್ನು ಹೀಗೆ ವಸ್ತುವಿನ ಗುಣದ ಪ್ರಕಾರ ಒಡೆಯಬಹುದು, ಇಲ್ಲವೇ ದೀಪದ ಪ್ರಕಾರ ಒಡೆಯಬಹುದು. ಶಾಟ್ ಹೊಂದಿಸುವ ಕೆಲಸಕ್ಕೆ ಎರಡನೆಯದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ಅನುಭವ. ಬ್ಲೆಂಡರ್‌ನ ರೆಂಡರ್ ಎಂಜಿನ್ ಸೈಕಲ್ಸ್‌ನಲ್ಲಿ ಇದಕ್ಕೆ ಲೈಟ್ ಗ್ರೂಪ್ ಎನ್ನುತ್ತಾರೆ. 2022ರಲ್ಲಿ ಬಂದ 3.2 ಆವೃತ್ತಿಯಿಂದ ಇದೆ. ಲಾಟೀನಿನ ಬೆಳಕೆಲ್ಲ ಒಂದು ಚಿತ್ರದಲ್ಲಿ, ಆಕಾಶದ ಬೆಳಕೆಲ್ಲ ಇನ್ನೊಂದರಲ್ಲಿ. ನೆಲಕ್ಕೆ ಬಡಿದು ಗೋಡೆಗೆ ಹಾರಿದ ಬೆಳಕೂ ತಾನು ಹೊರಟ ದೀಪದ ಲೆಕ್ಕಕ್ಕೇ ಸೇರುತ್ತದೆ.

ಇದು ನಡೆಯುವುದು ಬೆಳಕಿನ ಒಂದು ಸರಳ ಗುಣದಿಂದ. ಎರಡು ದೀಪ ಹಚ್ಚಿದಾಗ ಗೋಡೆಯ ಒಂದು ಚುಕ್ಕೆಗೆ ಬೀಳುವ ಬೆಳಕು ಒಂದೊಂದೇ ದೀಪ ಹಚ್ಚಿದಾಗ ಬಿದ್ದ ಬೆಳಕಿನ ಮೊತ್ತ, ಅಷ್ಟೆ. ಒಂದು ದೀಪವನ್ನು ದುಪ್ಪಟ್ಟು ಮಾಡಿದರೆ ಅದರ ಪಾಲು ಮಾತ್ರ ದುಪ್ಪಟ್ಟಾಗುತ್ತದೆ. ಹಾಗಾಗಿ ಲಾಟೀನಿನ ಪಾಸನ್ನು 1.6ರಿಂದ ಗುಣಿಸುವುದೂ, ದೃಶ್ಯದಲ್ಲಿ ಲಾಟೀನನ್ನು 1.6 ಪಟ್ಟು ಹೆಚ್ಚಿಸಿ ಮತ್ತೆ ರಾತ್ರಿಯಿಡೀ ರೆಂಡರ್ ಮಾಡುವುದೂ ಒಂದೇ. ಹತ್ತಿರ ಹತ್ತಿರ ಎನ್ನುವ ಮಾತಲ್ಲ. ರೆಂಡರಿನಲ್ಲಿ ಉಳಿಯುವ ಕಾಳುಕಾಳು ಚುಕ್ಕೆಗಳನ್ನು, ಅಂದರೆ ನಾಯ್ಸ್ ಬಿಟ್ಟರೆ ಲೆಕ್ಕ ಪೂರಾ ಒಂದೇ.

ಆದರೆ ಈ ಕೂಡುವ ಗುಣ ಲೀನಿಯರ್ ಸಂಖ್ಯೆಗಳಿಗೆ, ಅಂದರೆ ಬೆಳಕಿನ ಪ್ರಮಾಣಕ್ಕೆ ನೇರ ಅನುಪಾತದಲ್ಲಿರುವ ಸಂಖ್ಯೆಗಳಿಗೆ ಮಾತ್ರ ಸಲ್ಲುತ್ತದೆ. ಪರದೆಗೆ ಹೋಗುವ ಸಂಖ್ಯೆ ಲೀನಿಯರ್ ಅಲ್ಲ, ಕಣ್ಣಿನ ಗುಣಕ್ಕೆ ತಕ್ಕಂತೆ ಬಾಗಿಸಿದ್ದು. ಸಾಮಾನ್ಯ 8 ಬಿಟ್ ಚಿತ್ರದಲ್ಲಿ 128 ಎಂದರೆ 255ರ ಅರ್ಧ ಅನಿಸುತ್ತದೆ. ಬೆಳಕಿನ ಲೆಕ್ಕದಲ್ಲಿ ಅದು ಸುಮಾರು 0.216, ಅಂದರೆ ಪೂರ್ತಿ ಬಿಳಿಯ ಐದನೇ ಒಂದು ಭಾಗಕ್ಕಿಂತ ಕೊಂಚ ಹೆಚ್ಚು. ಅಂಥ ಎರಡು ದೀಪದ ಚಿತ್ರಗಳನ್ನು ಪರದೆಯ ಸಂಖ್ಯೆಯಲ್ಲೇ ಕೂಡಿದರೆ 128 + 128, ಗೋಡೆ ಸುಟ್ಟು ಬಿಳಿಯಾಗುತ್ತದೆ. ಬೆಳಕಿನ ಲೆಕ್ಕದಲ್ಲಿ ಕೂಡಿದರೆ 0.432, ಅದು ಪರದೆಗೆ ಬಂದಾಗ 176ರ ಆಸುಪಾಸು. ನಿಜವಾದ ಗೋಡೆ ಇದೇ. ಆದ್ದರಿಂದಲೇ ಪಾಸ್‌ಗಳನ್ನು ಇಎಕ್ಸ್‌ಆರ್ ಕಡತದಲ್ಲಿ ಇಡುವುದು. ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸಂಸ್ಥೆ ತನ್ನ ಕೆಲಸಕ್ಕೆ ಕಟ್ಟಿಕೊಂಡು 2003ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಕಡತ ರೂಪ ಅದು. ಅದರಲ್ಲಿ ಬಿಳಿ 1ಕ್ಕೆ ನಿಲ್ಲುವುದಿಲ್ಲ. 16 ಬಿಟ್‌ನಲ್ಲೇ 65,504ರವರೆಗೆ ಹೋಗಬಹುದು. ಲಾಟೀನಿನ ಜ್ವಾಲೆ 40 ಇದ್ದರೆ 40 ಎಂದೇ ಉಳಿಯುತ್ತದೆ.

ಎರಡನೇ ಶಾಟ್: ಮೊಳೆಯ ಪಕ್ಕದ ಸುಣ್ಣ

ಹೊಂದಿಸಲು ಹೊರಟಾಗ ಮೊದಲು ಒಂದು ಶಾಟನ್ನು ಯಜಮಾನ ಎಂದು ಒಪ್ಪಿಕೊಳ್ಳಬೇಕು. ನಾವು ಮೊದಲನೆಯದನ್ನು ಒಪ್ಪಿಕೊಂಡೆವು, ಏಕೆಂದರೆ ಅದರಲ್ಲಿ ಎಲ್ಲವೂ ಕಾಣುತ್ತದೆ. ಆಮೇಲೆ ಎರಡೂ ಶಾಟ್‌ಗಳಲ್ಲಿ ಇರುವ ಒಂದೇ ಜಾಗ ಹುಡುಕಬೇಕು. ಇಲ್ಲಿ ಅವಸರ ಮಾಡಿದರೆ ಮುಂದಿನದ್ದೆಲ್ಲ ದಾರಿ ತಪ್ಪುತ್ತದೆ. ಕಾವಿ ನೆಲ ಎರಡರಲ್ಲೂ ಇತ್ತು, ಆದರೆ ಅದು ಹೊಳೆಯುತ್ತದೆ. ಹೊಳಪು ಕ್ಯಾಮೆರಾ ಎಲ್ಲಿದೆ ಎಂಬುದರ ಮೇಲೆ ಜಾಗ ಬದಲಿಸುತ್ತದೆ, ಅಳತೆಗೆ ಬಾರದು. ಹುಡುಗನ ಮುಖ ಅಲುಗಾಡುತ್ತದೆ. ಸುಣ್ಣದ ಗೋಡೆಗೆ ಹೊಳಪಿಲ್ಲ, ಯಾವ ಕಡೆಯಿಂದ ನೋಡಿದರೂ ಅಷ್ಟೇ ಬೆಳಕು ಕೊಡುತ್ತದೆ. ಆದರೆ ಗೋಡೆ ಎಂದರೆ ಯಾವ ಭಾಗ? ಲಾಟೀನಿಗೆ ಒಂದು ಮಾರು ಹತ್ತಿರವಾದರೂ ಸಂಖ್ಯೆ ಬೇರೆ. ಕೊನೆಗೆ ಕ್ಯಾಲೆಂಡರ್ ತೂಗುಹಾಕಿದ ಮೊಳೆ ಸಿಕ್ಕಿತು. ಎರಡೂ ಶಾಟ್‌ನಲ್ಲಿ ಅದರ ಎಡಕ್ಕಿರುವ ಖಾಲಿ ಸುಣ್ಣವೇ ನಮ್ಮ ಅಳತೆಗೋಲು.

ಬ್ಲೆಂಡರ್‌ನ ಇಮೇಜ್ ಎಡಿಟರ್‌ನಲ್ಲಿ ಮೌಸಿನ ಬಲಬಟನ್ ಒತ್ತಿ ಹಿಡಿದರೆ ಕೆಳಗಡೆ ಆ ಪಿಕ್ಸೆಲ್‌ನ ಕೆಂಪು, ಹಸಿರು, ನೀಲಿ ಬೆಲೆ ಬರುತ್ತದೆ. ಒಂದೇ ಪಿಕ್ಸೆಲ್ ನಂಬಬಾರದು, ನಾಯ್ಸ್ ಇರುತ್ತದೆ. ಅಕ್ಕಪಕ್ಕದ ಹತ್ತಿಪ್ಪತ್ತರ ಸರಾಸರಿ ಬೇಕು. ನಮಗೆ ಸಿಕ್ಕಿದ್ದು ಇದು, 010 ಎಂದರೆ ಮೊದಲನೇ ಶಾಟ್, 020 ಎಂದರೆ ಎರಡನೆಯದು:

```
             R      G      B
shot_010   0.42   0.322  0.24
shot_020   0.30   0.25   0.21
ratio      1.40   1.29   1.14
```

ಗ್ರೇಡಿಂಗ್ ಚಕ್ರ ತಿರುಗಿಸಿ ನಾವು ಎರಡು ಸಂಜೆ ಹುಡುಕಿದ್ದು ಕೊನೆಯ ಸಾಲಿನ ಆ ಮೂರು ಸಂಖ್ಯೆಗಳನ್ನೇ. ಇಡೀ ಚಿತ್ರವನ್ನು ಅವುಗಳಿಂದ ಗುಣಿಸಿದರೆ ಗೋಡೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡುತ್ತದೆ. ಆದರೆ ಬಾಗಿಲಾಚೆಯ ಆಕಾಶ 0.05, 0.07, 0.12 ಇದ್ದದ್ದು 0.07, 0.09, 0.137 ಆಗುತ್ತದೆ. ಮೊದಲನೇ ಶಾಟಿನಲ್ಲಿ ಆಕಾಶ 0.05, 0.07, 0.12 ಎಂದೇ ಇದೆ. ಗೋಡೆಯನ್ನು ಸರಿಮಾಡಲು ಹೋಗಿ ಸೂರ್ಯನನ್ನು ಹತ್ತು ನಿಮಿಷ ಹಿಂದಕ್ಕೆ ಎಳೆದ ಹಾಗಾಯಿತು.

ಈಗ ಅದೇ ಮೊಳೆಯ ಪಕ್ಕದ ಸುಣ್ಣವನ್ನು ಲೈಟ್ ಗ್ರೂಪ್‌ಗಳಲ್ಲಿ ನೋಡೋಣ:

```
             R      G      B
010 lamp   0.32   0.192  0.08
020 lamp   0.20   0.12   0.05
010 sky    0.10   0.13   0.16
020 sky    0.10   0.13   0.16
```

ಗುಟ್ಟು ಇಲ್ಲೇ ರಟ್ಟಾಯಿತು. ಆಕಾಶ ಎರಡರಲ್ಲೂ ಒಂದೇ. ಲಾಟೀನು ಮೂರು ಬಣ್ಣಗಳಲ್ಲೂ ಸರಿಯಾಗಿ 1.6 ಪಟ್ಟು ಕಡಿಮೆ. ಬಣ್ಣ ಬದಲಾಗಿಯೇ ಇರಲಿಲ್ಲ! ಹಳದಿ ದೀಪ ಮಂಕಾದಾಗ ನೀಲಿ ಆಕಾಶದ ಪಾಲು ಮೇಲುಗೈ ಪಡೆದು ಗೋಡೆ ನೀಲಿಗೆ ತಿರುಗಿದಂತೆ ಕಂಡಿತ್ತು, ನಾವು ಅದನ್ನು ಬಣ್ಣದ ದೋಷ ಎಂದುಕೊಂಡಿದ್ದೆವು. ಕಡತ ತೆರೆದು ನೋಡಿದರೆ ನನ್ನ ಲಾಟೀನಿನ ಪವರ್ 40 ವಾಟ್, ಗೆಳೆಯನದು 25. ಹಳೇ ಕಡತದಿಂದ ಲಾಟೀನು ತಂದಿದ್ದ, ಆಮೇಲೆ ನಾನು ಹೆಚ್ಚಿಸಿದ್ದು ಅವನಿಗೆ ಗೊತ್ತಿರಲಿಲ್ಲ. ಲಾಟೀನಿನ ಪಾಸ್‌ಗೆ 1.6, ಆಕಾಶದ ಪಾಸ್‌ಗೆ ಏನೂ ಬೇಡ, ಎರಡನ್ನೂ ಕೂಡಿದರೆ ಗೋಡೆಯೂ ಸರಿ, ಆಕಾಶವೂ ಸರಿ, ಕೆನ್ನೆಯೂ ಸರಿ.

ಇದನ್ನು ನಂಬುವ ಮುಂಚೆ ಒಂದು ಪರೀಕ್ಷೆ ಮಾಡಲೇಬೇಕು. ಎಲ್ಲ ಗ್ರೂಪ್‌ಗಳನ್ನೂ ಹಾಗೇ ಕೂಡಿ, ಅದನ್ನು ಮೂಲ ಒಟ್ಟು ಚಿತ್ರದಿಂದ ಕಳೆದು, ಉಳಿದದ್ದನ್ನು ನೂರು ಪಟ್ಟು ಹೊಳಪಿಸಿ ನೋಡಬೇಕು. ಪೂರ್ತಿ ಕಪ್ಪು ಬಂದರೆ ಲೆಕ್ಕ ಸರಿ. ನಮಗೆ ಅಡುಗೆಮನೆ ಕಿಟಕಿಯ ಜಾಗದಲ್ಲಿ ಒಂದು ಚೌಕ ಹೊಳೆಯಿತು. ಒಳಗಿದ್ದ ಸಣ್ಣ ದೀಪವನ್ನು ಯಾವ ಗ್ರೂಪ್‌ಗೂ ಸೇರಿಸಿರಲಿಲ್ಲ. ಸೈಕಲ್ಸ್ ಅಂಥ ದೀಪವನ್ನು ಒಟ್ಟು ಚಿತ್ರದಲ್ಲಿ ತೋರಿಸುತ್ತದೆ, ಗ್ರೂಪ್‌ಗಳಲ್ಲಿ ಎಲ್ಲೂ ಇಡುವುದಿಲ್ಲ; ಎಚ್ಚರಿಕೆಯನ್ನೂ ಕೊಡುವುದಿಲ್ಲ. ಹಾಗೆ ಬಿಟ್ಟುಹೋದದ್ದನ್ನು ವಾಪಸ್ ಪಡೆಯುವ ಉಪಾಯ ಸುಲಭ: ಒಟ್ಟು ಚಿತ್ರದಿಂದ ಗೊತ್ತಿರುವ ಗ್ರೂಪ್‌ಗಳನ್ನು ಕಳೆದರೆ ಉಳಿಯುವುದೇ ಆ ದೀಪದ ಪಾಸ್.

ಗುಣಿಸುವುದಕ್ಕೂ ಮಿತಿ ಇದೆ. 1.6 ಪಟ್ಟು ಮಾಡಿದಾಗ ಆ ಪಾಸಿನ ನಾಯ್ಸ್ ಕೂಡ 1.6 ಪಟ್ಟು ಆಗುತ್ತದೆ. ನಾಲ್ಕೈದು ಪಟ್ಟು ಮಾಡಬೇಕಾದರೆ ಕತ್ತಲಿನ ಮೂಲೆಗಳಲ್ಲಿ ಇರುವೆ ಹರಿದಾಡಿದಂತೆ ಕಾಣುತ್ತದೆ. ಆಗ ಸುಮ್ಮನೆ ಮತ್ತೆ ರೆಂಡರ್ ಮಾಡುವುದು ಮೇಲು.

ಮೂರನೇ ಶಾಟ್: ಜ್ವಾಲೆಯ ಪರೀಕ್ಷೆ

ಮೂರನೆಯದು ಬೇರೆಯೇ ರೋಗ. ಕ್ಲೋಸಪ್ ಆದ್ದರಿಂದ ಮೊಳೆ ಕಾಣುತ್ತಿರಲಿಲ್ಲ, ಹಿಂದೆ ಮಸುಕಾದ ಗೋಡೆ ಮಾತ್ರ. ಕಪ್ಪು ಇರಬೇಕಾದಲ್ಲಿ ಬೂದು, ಜ್ವಾಲೆ ಕಾಗದ ಕತ್ತರಿಸಿ ಅಂಟಿಸಿದಂತೆ ಚಪ್ಪಟೆ. ಕಾಂಟ್ರಾಸ್ಟ್ ಹೆಚ್ಚಿಸಿದಷ್ಟೂ ಕೃತಕವಾಗುತ್ತಿತ್ತು.

ಇಂಥ ಸಂದೇಹ ಬಂದಾಗ ನಾನು ಮಾಡುವುದು ಒಂದೇ ಪರೀಕ್ಷೆ. ಎಕ್ಸ್‌ಪೋಷರನ್ನು ನಾಲ್ಕು ಸ್ಟಾಪ್ ಇಳಿಸುವುದು, ಅಂದರೆ ಎಲ್ಲವನ್ನೂ 16ರಿಂದ ಭಾಗಿಸುವುದು. ನಿಜವಾದ ಬೆಳಕಿನ ಸಂಖ್ಯೆ ಇದ್ದರೆ 40ರ ಜ್ವಾಲೆ 2.5ಕ್ಕೆ ಇಳಿಯುತ್ತದೆ, ಇನ್ನೂ ಉರಿಯುತ್ತಲೇ ಇರುತ್ತದೆ. ಸುತ್ತಲಿನ ಗೋಡೆ ಮಾತ್ರ ಕತ್ತಲಾಗುತ್ತದೆ. ನಮ್ಮ ಶಾಟಿನಲ್ಲಿ ಜ್ವಾಲೆ ಗೋಡೆಯ ಜೊತೆಗೇ ಮುಳುಗಿ ಮಂಕು ಬೂದು ತೇಪೆಯಾಯಿತು. ಅದರ ಬೆಲೆ 1ಕ್ಕಿಂತ ಮೇಲೆ ಹೋಗಿರಲೇ ಇಲ್ಲ, 16ರಿಂದ ಭಾಗಿಸಿದಾಗ 0.06 ಉಳಿಯಿತು. ಅದು ಪಿಎನ್‌ಜಿ ಕಡತ. ಡಿಸ್ಕ್‌ನಲ್ಲಿ ಜಾಗ ಇಲ್ಲವೆಂದು ಗೆಳೆಯ ಹಾಗೆ ಉಳಿಸಿದ್ದ. ಅವನನ್ನು ಬೈಯಲೂ ಆಗದು: ಫುಲ್ ಎಚ್‌ಡಿಯ ಒಂದು ಫ್ರೇಮ್, ಒಂದು ಪಾಸ್, ಕುಗ್ಗಿಸುವ ಮೊದಲು 12 ಎಂಬಿ ಚಿಲ್ಲರೆ, ಅದನ್ನು ಪಾಸ್‌ಗಳ ಲೆಕ್ಕಕ್ಕೂ ಫ್ರೇಮ್‌ಗಳ ಲೆಕ್ಕಕ್ಕೂ ಗುಣಿಸಿದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ.

ಪಿಎನ್‌ಜಿಯಲ್ಲಿ ಏನಾಗುತ್ತದೆ ಎಂದರೆ, ವ್ಯೂ ಟ್ರಾನ್ಸ್‌ಫಾರ್ಮ್ ಚಿತ್ರದೊಳಗೆ ಬೆಂದುಹೋಗುತ್ತದೆ. 40ರ ಜ್ವಾಲೆಯನ್ನೂ 0.01ರ ನೆರಳನ್ನೂ ಪರದೆಯ ಸೊನ್ನೆಯಿಂದ ಒಂದರ ನಡುವೆ ಹಿಡಿಸುವ ವಕ್ರರೇಖೆ ಅದು. 2023ರಲ್ಲಿ ಬಂದ ಬ್ಲೆಂಡರ್ 4.0ರಿಂದ ತಾನಾಗಿ ಇರುವುದು `AgX`. ಇಎಕ್ಸ್‌ಆರ್ ಉಳಿಸುವಾಗ ಅದು ಕಡತಕ್ಕೆ ಸೇರುವುದಿಲ್ಲ, ನೋಡುವಾಗ ಮಾತ್ರ ಕನ್ನಡಕದಂತೆ ಕೂರುತ್ತದೆ. ಪಿಎನ್‌ಜಿಯಲ್ಲಿ ಕನ್ನಡಕ ಕಣ್ಣಿಗೇ ಅಂಟಿಬಿಟ್ಟಿರುತ್ತದೆ. ಆ ಚಿತ್ರವನ್ನು ಪಾಸ್‌ಗಳನ್ನೂ ಪದರಗಳನ್ನೂ ಜೋಡಿಸುವ ನಮ್ಮ ಕಾಂಪೋಸಿಟಿಂಗ್‌ಗೆ ತಂದಾಗ ಅದರ ಮೇಲೆ ಇನ್ನೊಂದು ಕನ್ನಡಕ ಕೂತಿತು. ಕಪ್ಪು ಬೂದಾದದ್ದು, ಜ್ವಾಲೆ ಚಪ್ಪಟೆಯಾದದ್ದು ಅದಕ್ಕೇ. ಇದಕ್ಕೆ ಗ್ರೇಡಿಂಗ್‌ನಲ್ಲಿ ಔಷಧ ಇಲ್ಲ, ಕಳೆದುಹೋದ ಬೆಳಕು ವಾಪಸ್ ಬರುವುದಿಲ್ಲ. ಮತ್ತೆ ರೆಂಡರ್ ಮಾಡಿಸಿದೆವು.

ಹೊಸ ಇಎಕ್ಸ್‌ಆರ್ ಬಂದ ಮೇಲೂ ಶಾಟ್ ಕೊಂಚ ಕತ್ತಲೆ. ಈ ಸಲ ಲಾಟೀನಿನ ಪಾಸೂ ಆಕಾಶದ ಪಾಸೂ ಎರಡೂ ಯಜಮಾನ ಶಾಟಿನ 0.8ರಷ್ಟಿದ್ದವು. ಒಂದು ದೀಪ ಮಾತ್ರ ತಪ್ಪಿದ್ದರೆ ಅದು ದೀಪದ ತಪ್ಪು; ಎಲ್ಲ ದೀಪಗಳೂ ಒಂದೇ ಪ್ರಮಾಣದಲ್ಲಿ ತಪ್ಪಿದ್ದರೆ ಅದು ಕ್ಯಾಮೆರಾದ ತಪ್ಪು. ಬ್ಲೆಂಡರ್‌ನಲ್ಲಿ ಎಕ್ಸ್‌ಪೋಷರ್ ಎಂಬ ಹೆಸರಿನ ಎರಡು ಗುಂಡಿಗಳಿವೆ. `Color Management` ಕೆಳಗಿರುವುದು ನೋಟಕ್ಕೆ ಮಾತ್ರ, ಇಎಕ್ಸ್‌ಆರ್‌ಗೆ ತಟ್ಟುವುದಿಲ್ಲ. `Film` ಕೆಳಗಿರುವುದು ಕಡತದೊಳಗಿನ ಸಂಖ್ಯೆಯನ್ನೇ ಬದಲಿಸುತ್ತದೆ. ಜ್ವಾಲೆ ಸುಡುತ್ತಿದೆ ಎಂದು ಗೆಳೆಯ ಎರಡನೆಯದನ್ನು 0.8ಕ್ಕೆ ಇಳಿಸಿ ಮರೆತಿದ್ದ. ಇಡೀ ಚಿತ್ರವನ್ನು 1.25ರಿಂದ ಗುಣಿಸಿದರೆ ಮುಗಿಯಿತು.

ಕೂದಲ ಅಂಚು

ಎರಡನೇ ಶಾಟಿನಲ್ಲಿ ಹುಡುಗನನ್ನು ಬೇರೆ ಪದರವಾಗಿ ರೆಂಡರ್ ಮಾಡಿದ್ದೆವು. ಗೋಡೆ ಹೊಂದಿದ ಮೇಲೆ ಹುಡುಗನನ್ನು ತುಸು ಬೆಳಗಿಸೋಣವೆಂದು ಅವನ ಪದರಕ್ಕೆ ಗಾಮಾ ಕೊಟ್ಟೆ. ತಕ್ಷಣ ಕೂದಲ ಸುತ್ತ ತೆಳ್ಳಗಿನ ಬಿಳಿ ಗೆರೆ ಎದ್ದಿತು, ಯಾರೋ ಬ್ಲೇಡಿನಲ್ಲಿ ಕತ್ತರಿಸಿ ಅಂಟಿಸಿದಂತೆ.

ಪದರದ ಪ್ರತಿ ಪಿಕ್ಸೆಲ್‌ನಲ್ಲಿ ಬಣ್ಣದ ಜೊತೆ ಆಲ್ಫಾ ಎಂಬ ಇನ್ನೊಂದು ಸಂಖ್ಯೆ ಇರುತ್ತದೆ, ಆ ಪಿಕ್ಸೆಲ್‌ನ ಎಷ್ಟು ಭಾಗವನ್ನು ವಸ್ತು ಮುಚ್ಚಿದೆ ಎಂದು ಹೇಳುವುದು. ಲ್ಯೂಕಾಸ್‌ಫಿಲ್ಮ್‌ನ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ 1984ರ ಪ್ರಬಂಧದಲ್ಲಿ ಕೊಟ್ಟ ಪದರ ಜೋಡಿಸುವ ಲೆಕ್ಕವನ್ನೇ ಇವತ್ತಿಗೂ ಎಲ್ಲರೂ ಬಳಸುತ್ತಾರೆ: ಮೇಲಿನ ಪದರ, ಕೂಡು, ಕೆಳಗಿನ ಪದರದಲ್ಲಿ ಮುಚ್ಚದೆ ಉಳಿದ ಭಾಗ. ಅದಕ್ಕಾಗಿ ಬಣ್ಣವನ್ನು ಮೊದಲೇ ಆಲ್ಫಾದಿಂದ ಗುಣಿಸಿ ಇಟ್ಟಿರುತ್ತಾರೆ, ಇದಕ್ಕೆ ಪ್ರೀಮಲ್ಟಿಪ್ಲೈ ಎನ್ನುತ್ತಾರೆ. ಕೂದಲಿನ ನಿಜ ಬೆಲೆ 0.08, ಪಿಕ್ಸೆಲ್‌ನ ಅರ್ಧವನ್ನು ಮಾತ್ರ ಮುಚ್ಚಿದೆ ಎಂದರೆ ಕಡತದಲ್ಲಿರುವುದು 0.04.

ಈಗ ನಾನು ಕೊಟ್ಟ ಗಾಮಾ ಸಂಖ್ಯೆಗಳನ್ನು 0.8ರ ಘಾತಕ್ಕೆ ಏರಿಸುವಂಥದ್ದು. ಸರಿಯಾದ ದಾರಿಯಲ್ಲಿ 0.08 ಬದಲಾಗಿ 0.133 ಆಗುತ್ತದೆ, ಅದರ ಅರ್ಧ 0.066. ಕಡತದ 0.04ರ ಮೇಲೇ ಹಾಕಿದರೆ 0.076 ಬರುತ್ತದೆ, ಸುಮಾರು ಶೇ. 15 ಹೆಚ್ಚು. ಆಲ್ಫಾ 0.1 ಇರುವ ಎಳೆಗಳಲ್ಲಂತೂ ಶೇ. 60ರ ಹತ್ತಿರ ಹೆಚ್ಚು. ಅಂಚು ತೆಳ್ಳಗಾದಷ್ಟೂ ತಪ್ಪು ದಪ್ಪ, ಅದೇ ಆ ಬಿಳಿ ಗೆರೆ. ಎಲ್ಲ ಪಿಕ್ಸೆಲ್‌ಗೂ ಒಂದೇ ಸಂಖ್ಯೆ ಕೂಡುವ ಆಫ್‌ಸೆಟ್ ಕೊಟ್ಟರೆ ಇನ್ನೂ ವಿಚಿತ್ರ: ಏನೂ ಇಲ್ಲದ ಖಾಲಿ ಜಾಗವೂ ಬೆಳಗಿ, ಪದರದ ಚೌಕಾಕಾರವೇ ಪರದೆಯ ಮೇಲೆ ಮೂಡುತ್ತದೆ. ಬರೀ ಗುಣಾಕಾರಕ್ಕೆ ಮಾತ್ರ ಈ ಕಾಟ ಇಲ್ಲ. ಆಲ್ಫಾ ಮೊದಲೋ ಗುಣಾಕಾರ ಮೊದಲೋ, ಫಲ ಒಂದೇ. ಅದಕ್ಕೇ ಲಾಟೀನಿನ 1.6 ಹಾಕಿದಾಗ ಗೆರೆ ಕಾಣದೆ, ಗಾಮಾ ಹಾಕಿದಾಗ ಕಂಡದ್ದು. ಪರಿಹಾರ: ಆಲ್ಫಾದಿಂದ ಭಾಗಿಸು, ಬಣ್ಣ ತಿದ್ದು, ಮತ್ತೆ ಆಲ್ಫಾದಿಂದ ಗುಣಿಸು. ಬ್ಲೆಂಡರ್‌ನಲ್ಲಿ `Alpha Convert` ಎಂಬ ನೋಡ್, ಅಂದರೆ ಚಿತ್ರದ ಮೇಲೆ ಒಂದು ಕೆಲಸ ಮಾಡುವ ಪೆಟ್ಟಿಗೆ, ಇರುವುದು ಇದಕ್ಕೆ.

ಮಂಜು, ಲೆನ್ಸ್, ಗ್ರೇನ್

ದೀಪಗಳು ಕೂಡಿದ ಮೇಲೂ ಮೊದಲ ಎರಡು ಶಾಟ್‌ಗಳು ಬೇರೆ ಬೇರೆ ಊರಿನವಂತೆ ಕಾಣುತ್ತಿದ್ದವು. ಕಾರಣ ತೋಟದ ಮಂಜು. ಒಂದರಲ್ಲಿ ಅಡಿಕೆ ಮರಗಳು ಹಾಲಿನಲ್ಲಿ ಅದ್ದಿದಂತೆ, ಇನ್ನೊಂದರಲ್ಲಿ ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ. ದೂರವನ್ನು ಸೊನ್ನೆಯಿಂದ ಒಂದರವರೆಗಿನ ಮಂಜಾಗಿ ಕೊಡುವ ಮಿಸ್ಟ್ ಪಾಸ್ ಎಲ್ಲಿಂದ ಶುರು, ಎಷ್ಟು ದೂರಕ್ಕೆ ಪೂರ್ತಿ ಎಂಬುದನ್ನು ಒಬ್ಬೊಬ್ಬರೂ ತಮಗೆ ತೋಚಿದಂತೆ ಇಟ್ಟಿದ್ದರು. ಅದನ್ನು ಬಿಟ್ಟು ದೂರದ ಪಾಸನ್ನು ಹಿಡಿದೆವು. ಅದರಲ್ಲಿ ಮೀಟರುಗಳೇ ಇರುತ್ತವೆ, ಮೀಟರಿಗೆ ಶಾಟಿನ ಹಂಗಿಲ್ಲ.

```
fog = 1 - exp(-0.02 * z)
```

z ಎಂದರೆ ಮೀಟರಿನಲ್ಲಿ ದೂರ. ಈ ಲೆಕ್ಕದಲ್ಲಿ 10 ಮೀಟರ್ ದೂರದ ಮರಕ್ಕೆ ಶೇ. 18 ಮಂಜು, 30 ಮೀಟರ್ ದೂರದ್ದಕ್ಕೆ ಶೇ. 45. ಮೂರೂ ಶಾಟಿಗೆ ಒಂದೇ 0.02, ಮಂಜಿನ ಬಣ್ಣ ಆಕಾಶದಿಂದಲೇ ಆರಿಸಿದ್ದು. ಒಂದು ತೊಂದರೆ ಇದೆ: ದೂರದ ಪಾಸಿನ ಅಂಚುಗಳು ನಯವಾಗಿರುವುದಿಲ್ಲ, ಎಲೆಗಳ ಸುತ್ತ ಗರಗಸದ ಹಲ್ಲು ಕಾಣುತ್ತದೆ. ನಮ್ಮ ಮಂಜು ತೆಳ್ಳಗಿದ್ದುದರಿಂದ ಬಚಾವಾದೆವು. ದಟ್ಟವಾಗಿದ್ದರೆ ಮಿಸ್ಟ್ ಪಾಸನ್ನೇ ಎಲ್ಲ ಕಡತದಲ್ಲೂ ಒಂದೇ ಅಳತೆಗೆ ಇಟ್ಟು ಮತ್ತೆ ತೆಗೆಯಬೇಕಿತ್ತು.

ಮುಂದಿನ ಹಂತಗಳಿಗೆ ಒಂದು ಅನುಕ್ರಮ ಇದೆ, ಅದನ್ನು ಬಾಯಿಪಾಠ ಮಾಡಬೇಕಿಲ್ಲ. ಬೆಳಕು ಹೋಗುವ ದಾರಿಯನ್ನು ಹಿಂಬಾಲಿಸಿದರೆ ಸಾಕು. ದೀಪದಿಂದ ಹೊರಟು ವಸ್ತುವಿಗೆ ತಾಗಿ, ಗಾಳಿಯ ಮಂಜು ದಾಟಿ, ಲೆನ್ಸಿನಲ್ಲಿ ಮಸುಕಾಗಿ, ಹೊಳೆಯುವಲ್ಲಿ ಪ್ರಭೆ ಚೆಲ್ಲಿ, ಕೊನೆಗೆ ಫಿಲ್ಮಿಗೋ ಸೆನ್ಸರಿಗೋ ಬಿದ್ದು ಗ್ರೇನ್ ಎಂಬ ಸಣ್ಣ ಕಾಳುಗಳನ್ನು ಹೊತ್ತುಕೊಳ್ಳುತ್ತದೆ. ಬಣ್ಣದ ಅಲಂಕಾರ ಅದರ ಆಮೇಲೆ. ಕ್ರಮ ತಪ್ಪಿದರೆ ಕಾಣುತ್ತದೆ. ಜ್ವಾಲೆಯ ಪ್ರಭೆ ಹಾಕುವ ನೋಡ್ ಒಂದು ಮಿತಿಗಿಂತ ಹೊಳೆಯುವ ಪಿಕ್ಸೆಲ್‌ಗಳನ್ನು ಮಾತ್ರ ಹಿಡಿಯುತ್ತದೆ. ಎಕ್ಸ್‌ಪೋಷರ್ ಹೊಂದಿಸುವ ಮೊದಲೇ ಅದನ್ನು ಹಾಕಿದ್ದರಿಂದ ನಮ್ಮ ಮೂರನೇ ಶಾಟಿನ ಪ್ರಭಾವಲಯ ಚಿಕ್ಕದಾಗಿತ್ತು, 1.25ನ್ನು ಅದಕ್ಕಿಂತ ಮೊದಲಿಗೆ ತಂದೆವು, ವಲಯ ತಾನಾಗಿ ಹಿಗ್ಗಿತು.

ಗ್ರೇನ್ ವಿಷಯದಲ್ಲಿ ಒಂದೇ ಮಾತು. ಒಬ್ಬರ ಶಾಟಿನಲ್ಲಿ ನಾಯ್ಸ್, ಇನ್ನೊಬ್ಬರದು ಡಿನಾಯ್ಸ್ ಆಗಿ ಪ್ಲಾಸ್ಟಿಕ್ ಬೊಂಬೆಯಂತೆ ನುಣುಪು. ಎಲ್ಲವನ್ನೂ ಡಿನಾಯ್ಸ್ ಮಾಡಿ, ಒಂದೇ ಗ್ರೇನನ್ನು ಎಲ್ಲದರ ಮೇಲೂ ಕೊನೆಗೆ ಉದುರಿಸಿದೆವು. ಬಣ್ಣ ಹೊಂದಿಸಿ ಗ್ರೇನ್ ಬಿಟ್ಟರೆ ಸಾಮಾನ್ಯ ಪ್ರೇಕ್ಷಕರಿಗೂ ಏನೋ ಸರಿಯಿಲ್ಲ ಅನಿಸುತ್ತದೆ, ಏನೆಂದು ಹೇಳಲು ಬಾರದು.

ಹೊಂದಿಸುವುದು ಬೇರೆ, ಅಲಂಕಾರ ಬೇರೆ

ಎರಡು ಶಾಟ್‌ಗಳ ಸರಾಸರಿ ಹೊಳಪನ್ನು ಸಮ ಮಾಡಿಬಿಟ್ಟರೆ ಹೊಂದಿಕೆಯಾಯಿತು ಎಂದು ಕೆಲವರು ಭಾವಿಸುತ್ತಾರೆ. ತಾನಾಗಿ ಹೊಂದಿಸುವ ಬಟನ್‌ಗಳು ಕೆಲವು ಇದನ್ನೇ ಮಾಡುತ್ತವೆ. ಲಾಟೀನಿನ ಕ್ಲೋಸಪ್ ಜಗಲಿಯ ದೂರದ ನೋಟಕ್ಕಿಂತ ಹೊಳೆಯಲೇಬೇಕು, ಫ್ರೇಮಿನ ಅರ್ಧ ಜ್ವಾಲೆಯೇ ಇದೆ. ಸರಾಸರಿ ಸಮ ಮಾಡಿದರೆ ಕ್ಲೋಸಪ್‌ನ ಗೋಡೆ ಕತ್ತಲಾಗುತ್ತದೆ. ಸಮ ಆಗಬೇಕಾದ್ದು ಒಂದೇ ವಸ್ತುವಿನ ಬೆಲೆ, ಚಿತ್ರದ ಬೆಲೆ ಅಲ್ಲ. ಚಿತ್ರದ ಹೊಳಪನ್ನು ಗೆರೆಗಳಾಗಿ ತೋರಿಸುವ ವೇವ್‌ಫಾರ್ಮ್ ನೋಡುವಾಗಲೂ ಇಡೀ ಗೆರೆಗಳ ರಾಶಿಯನ್ನು ಬಿಟ್ಟು, ಗೋಡೆಯ ಪಟ್ಟಿ ಎಲ್ಲಿ ಕೂತಿದೆ, ತೀರಾ ಕತ್ತಲಿನ ಮೂಲೆ ತಳದಿಂದ ಎಷ್ಟು ಮೇಲಿದೆ ಎಂಬ ಎರಡನ್ನೇ ನೋಡುತ್ತೇನೆ. ಬಣ್ಣ ತೆಗೆದು ಕಪ್ಪುಬಿಳುಪಿನಲ್ಲಿ ಒಮ್ಮೆ ಓಡಿಸುವುದು ನನ್ನ ಹಳೇ ಚಾಳಿ. ಹೊಳಪಿನ ವ್ಯತ್ಯಾಸ ಬಣ್ಣದ ಮರೆಯಲ್ಲಿ ಅಡಗಿಕೊಳ್ಳುತ್ತದೆ, ಕಪ್ಪುಬಿಳುಪಿನಲ್ಲಿ ಬೆತ್ತಲಾಗುತ್ತದೆ.

ಇಷ್ಟಾದ ಮೇಲೆಯೇ ದೃಶ್ಯಕ್ಕೆ ಒಂದು ಮೂಡ್ ಕೊಡುವ ಗ್ರೇಡ್. ನಾವು ಅದಕ್ಕೆ ಬಳಸಿದ್ದು ಅಮೆರಿಕದ ಛಾಯಾಗ್ರಾಹಕರ ಸಂಘ ಎಎಸ್‌ಸಿ ರೂಪಿಸಿದ ಸಿಡಿಎಲ್ ಎಂಬ ಬಣ್ಣ ತಿದ್ದುವ ಸೂತ್ರ:

```
out = (in * slope + offset) ^ power
```

ಮೂರು ಬಣ್ಣಕ್ಕೆ ಮೂರು ಮೂರು ಸಂಖ್ಯೆ, ಕೊನೆಗೆ ಸ್ಯಾಚುರೇಷನ್‌ಗೆ ಒಂದು, ಒಟ್ಟು ಹತ್ತೇ ಸಂಖ್ಯೆ. ಹೊಳೆಯುವ ಭಾಗಗಳನ್ನು ಹೆಚ್ಚು ಎಳೆಯುವುದು ಮೊದಲನೆಯದು, ಕಪ್ಪನ್ನೂ ಸೇರಿಸಿ ಎಲ್ಲವನ್ನೂ ಎತ್ತುವುದು ಎರಡನೆಯದು, ನಡುವಣ ಛಾಯೆಗಳನ್ನು ಬಾಗಿಸುವುದು ಮೂರನೆಯದು. ಆಫ್‌ಸೆಟ್‌ಗೆ ಋಣ ಸಂಖ್ಯೆ ಕೊಟ್ಟರೆ ನೆರಳುಗಳು ಸೊನ್ನೆಗಿಂತ ಕೆಳಗಿಳಿಯಬಹುದು. ಋಣ ಸಂಖ್ಯೆಯನ್ನು ಭಿನ್ನರಾಶಿಯ ಘಾತಕ್ಕೆ ಏರಿಸಲಾಗದು. ಆ ಹೊತ್ತಿಗೆ ಸೊನ್ನೆಗೆ ಕತ್ತರಿಸದ ತಂತ್ರಾಂಶವಾದರೆ ಕತ್ತಲಿನಲ್ಲಿ ಎಳ್ಳು ಚೆಲ್ಲಿದಂತೆ ಕೆಟ್ಟ ಪಿಕ್ಸೆಲ್‌ಗಳು ಏಳುತ್ತವೆ.

ಒಂದು ಶಿಸ್ತು ಮಾತ್ರ ಕಟ್ಟುನಿಟ್ಟಾಗಿ ಪಾಲಿಸಿದೆವು. ಹೊಂದಿಸುವ ಸಂಖ್ಯೆಗಳು ಶಾಟ್‌ಗೊಂದರಂತೆ, ಗ್ರೇಡ್ ಮಾತ್ರ ಮೂರಕ್ಕೂ ಸೇರಿ ಒಂದೇ. ಗ್ರೇಡನ್ನು ಒಂದು ಶಾಟಿಗೆ ಮಾತ್ರ ಕೊಂಚ ಬದಲಿಸೋಣ ಎಂದು ಯಾರಾದರೂ ಬಾಯಿ ತೆರೆದರೆ ಹೊಂದಾಣಿಕೆ ಇನ್ನೂ ಮುಗಿದಿಲ್ಲ ಎಂದರ್ಥ, ಹಿಂದಕ್ಕೆ ಹೋಗಿ ಮೊಳೆಯ ಪಕ್ಕದ ಸುಣ್ಣ ಅಳೆಯುತ್ತಿದ್ದೆವು.

ಕೊನೆಗೆ ಮೂರೂ ಶಾಟ್‌ಗಳನ್ನು ಶಬ್ದ ಇಲ್ಲದೆ ಸುತ್ತಿ ಸುತ್ತಿ ಓಡಿಸಿದೆವು. ಗೋಡೆ ಅಲುಗಲಿಲ್ಲ. ಆದರೂ ಮೊದಲ ಶಾಟಿನಿಂದ ಎರಡನೆಯದಕ್ಕೆ ದಾಟುವಾಗ ಏನೋ ಕುಪ್ಪಳಿಸುತ್ತಿತ್ತು. ಹತ್ತು ಸಲ ನೋಡಿದ ಮೇಲೆ ಹೊಳೆಯಿತು: ಗೆಳೆಯನ ಹಳೇ ಕಡತದಲ್ಲಿ ಲಾಟೀನು ಪಕ್ಕದ ಕೊಕ್ಕೆಗೆ ತೂಗುತ್ತಿತ್ತು, ಕಂಬದ ನೆರಳು ಗೋಡೆಯ ಇನ್ನೊಂದು ಮಗ್ಗುಲಿಗೆ ಬಿದ್ದಿತ್ತು. ಮೊಳೆಯಿಂದ ಎರಡು ಕೊಕ್ಕೆಗಳಿಗೂ ಅಂತರ ಒಂದೇ ಆದ್ದರಿಂದ ಅಳತೆಯಲ್ಲಿ ಸಿಕ್ಕಿಬಿದ್ದಿರಲಿಲ್ಲ. ನೆರಳಿನ ದಿಕ್ಕನ್ನು ಯಾವ ಪಾಸನ್ನು ಗುಣಿಸಿದರೂ ತಿರುಗಿಸಲಾಗದು. ಮತ್ತೆ ರೆಂಡರ್ ಮಾಡಲು ಯಾರಿಗೂ ಮನಸ್ಸಿರಲಿಲ್ಲ. ಮೊದಲ ಶಾಟಿನ ಕೊನೆಯಲ್ಲಿ ಅಜ್ಜಿ ಕಂಬದ ಮುಂದೆ ಹಾದುಹೋಗುತ್ತಾಳೆ. ಅವಳ ಸೀರೆ ನೆರಳನ್ನು ಮುಚ್ಚಿದ ಫ್ರೇಮಿಗೇ ಕಟ್ ಹಾಕಿದೆವು.